ರಾತ್ರಿ ಹತ್ತರ ಬಸ್ಸು

ನಮ್ಮ ಸಾಗರದ ಬಸ್ ಟೈಮಿಂಗ್ಸ್ ವಾಟ್ಸಾಪಲ್ಲಿ ಒಂದೇ ಉದ್ದ ಸಾಲಾಗಿ ಬರುತ್ತಿತ್ತು. ಆವರಣದೊಳಗೆ ಇರೋದು ತಲುಪುವ ಹೊತ್ತು. ಅದೇ ಥರದ ಒಂದು ತುಣುಕು ಇಲ್ಲಿದೆ. ಹೊತ್ತುಗಳನ್ನು ನಾನೇ ಬದಲಿಸಿದ್ದೇನೆ, ಇದನ್ನು ನಂಬಿ ಬಸ್ ಸ್ಟ್ಯಾಂಡಿಗೆ ಹೋಗಬೇಡಿ.

```
ಶಿರಸಿ 6.15(8.20), 7.30(9.40), 12.10(2.20), 1.45(3.05), 5.20(7.30), 10.00(12.10) ಹೊಸನಗರ 6.40(7.50), 9.15(10.25)
```

ಇದನ್ನು ಗೂಗಲ್ ಶೀಟ್ಸಲ್ಲಿ ಪಟ್ಟಿ ಮಾಡಿ ಮನೆಯವರಿಗೆಲ್ಲ ಕೊಡೋಣ ಅಂತ ಕೂತೆ. ಮೊದಲು ಹೊತ್ತುಗಳನ್ನು ಒಂದೊಂದಾಗಿ ಬಿಡಿಸಿ ಹಾಕಿದೆ. 7.30 ಹೋಗಿ 7.3 ಆಯಿತು, 12.10 ಹೋಗಿ 12.1 ಆಯಿತು. ಶೀಟಿಗೆ ಅದು ಗಂಟೆ ಅಲ್ಲ, ಸುಮ್ನೆ ಒಂದು ದಶಮಾಂಶ ಸಂಖ್ಯೆ. ಹಾಗಾಗಿ ಗಂಟೆ, ನಿಮಿಷ ಎರಡನ್ನೂ ಬೇರೆ ಬೇರೆಯಾಗಿಯೇ ಎತ್ತಬೇಕು ಅಂತ ಗೊತ್ತಾಯಿತು.

ಇಡೀ ಸಾಲನ್ನು A1ರಲ್ಲಿ ಅಂಟಿಸಿದೆ. ಡಬಲ್ ಕ್ಲಿಕ್ ಮಾಡಿ ಸೆಲ್ ಒಳಗೆ ಹೋಗಿ ಅಂಟಿಸಬೇಕು. ಇಲ್ಲದಿದ್ದರೆ ಮೆಸೇಜಲ್ಲಿ ಎಲ್ಲೆಲ್ಲಿ ಎಂಟರ್ ಇದೆಯೋ ಅಲ್ಲೆಲ್ಲ ತುಂಡಾಗಿ ಕೆಳಗಿನ ಸೆಲ್‌ಗಳಿಗೆ ಹೋಗುತ್ತದೆ. ಆಮೇಲೆ B2, C2, D2ರಲ್ಲಿ ಕ್ರಮವಾಗಿ ಇವು:

```
=TRANSPOSE(SPLIT(REGEXREPLACE(A1,"\)[,\s]*",")|"),"|"))
=IF(REGEXMATCH(B2,"^\d"),C1,TRIM(REGEXEXTRACT(B2,"^\D+")))
=REGEXEXTRACT(B2,"(\d+)[.:](\d+)\s*\((\d+)[.:](\d+)\)")
```

ಮೊದಲನೆಯದು ಪ್ರತಿ ಆವರಣ ಮುಚ್ಚಿದಲ್ಲಿ ಕತ್ತರಿಸುತ್ತದೆ, ಒಂದು ಬಸ್ಸಿಗೆ ಒಂದು ಸಾಲು. ಊರಿನ ಹೆಸರು ಮೊದಲ ಬಸ್ಸಿಗೆ ಮಾತ್ರ ಅಂಟಿರುತ್ತದಲ್ವಾ? ಎರಡನೆಯದು ಅದನ್ನು ಕೆಳಗಿನ ಸಾಲುಗಳಿಗೂ ಇಳಿಸುತ್ತದೆ. ಮೂರನೆಯದು D, E, F, G ನಾಲ್ಕು ಕಾಲಂ ತುಂಬುತ್ತದೆ: ಹೊರಡುವ ಗಂಟೆ, ನಿಮಿಷ, ತಲುಪುವ ಗಂಟೆ, ನಿಮಿಷ. ಎರಡನೆಯದನ್ನೂ ಮೂರನೆಯದನ್ನೂ ಕೊನೆಯ ಸಾಲಿನವರೆಗೆ ಎಳೆದುಬಿಡಿ. ಯಾರಾದರೂ ೬.೧೫ ಅಂತ ಕನ್ನಡ ಅಂಕಿಯಲ್ಲಿ ಬರೆದಿದ್ದರೆ `\d` ಅದನ್ನು ಹಿಡಿಯುವುದಿಲ್ಲ, ಮೊದಲೇ ಬದಲಿಸಿಕೊಳ್ಳಬೇಕು.

ನನಗೆ ಜಾಸ್ತಿ ಹೊತ್ತು ಹಿಡಿದಿದ್ದು ಬೆಳಿಗ್ಗೆ, ಮಧ್ಯಾಹ್ನದ ಲೆಕ್ಕ. ಮೆಸೇಜಲ್ಲಿ ಅದು ಇರುವುದೇ ಇಲ್ಲ. ಓದುವವರು 12.10 ಆದಮೇಲೆ 1.45 ಬಂದರೆ ಮಧ್ಯಾಹ್ನ ಅಂತ ತಾವೇ ತಿಳಿದುಕೊಳ್ಳುತ್ತಾರೆ. ಅದನ್ನೇ ಸೂತ್ರಕ್ಕೂ ಕಲಿಸಿದೆ. ಎಲ್ಲವನ್ನೂ ನಡುರಾತ್ರಿಯಿಂದ ಎಷ್ಟು ನಿಮಿಷ ಅಂತ ಎಣಿಸು, ಪ್ರತಿ ಬಸ್ಸೂ ಅದರ ಹಿಂದಿನದಕ್ಕಿಂತ ಮುಂದೆಯೇ ಇರಲಿ, ಹಿಂದೆ ಬಿದ್ದರೆ 12 ಗಂಟೆ, ಅಂದರೆ 720 ನಿಮಿಷ, ಕೂಡಿಸು. H2ರಲ್ಲಿ ಹೊರಡುವುದು, I2ರಲ್ಲಿ ತಲುಪುವುದು, ಇವನ್ನೂ ಕೊನೆಯ ಸಾಲಿನವರೆಗೆ ಎಳೆಯಬೇಕು:

```
=IF(C2=C1,H1+MOD(MOD(D2,12)*60+E2-H1,720),MOD(D2,12)*60+E2)
=H2+MOD(MOD(F2,12)*60+G2-H2,720)
```

7.30 ಅಂದರೆ 450. ಮುಂದಿನ 12.10 ಮೊದಲು ಬರೀ 10 ನಿಮಿಷ ಆಗುತ್ತದೆ, 450ಕ್ಕಿಂತ ಹಿಂದೆ. 720 ಕೂಡಿದರೆ 730, ಅಂದರೆ ಮಧ್ಯಾಹ್ನ 12.10. ಅದು ತಲುಪುವ 2.20 ಹೀಗೇ 860 ಆಗುತ್ತದೆ. ಈ ಬಸ್ಸು 4ನೇ ಸಾಲಲ್ಲಿದೆ. ತೋರಿಸುವುದಕ್ಕೆ `=TEXT(H4/1440,"hh:mm")` ಹಾಕಿದರೆ 12:10 ಅಂತ ಬರುತ್ತದೆ, ತಲುಪುವುದಕ್ಕೆ I4 ಹಾಕಿದರೆ 14:20.

I2ರಿಂದ H2 ಕಳೆದು ಪ್ರಯಾಣದ ನಿಮಿಷಕ್ಕೂ ಒಂದು ಕಾಲಂ ಇಟ್ಟುಕೊಳ್ಳಿ. ಶಿರಸಿ ಬಸ್ಸುಗಳಿಗೆಲ್ಲ 125, 130 ಅಂತ ಬಂತು. 1.45ರದ್ದು ಮಾತ್ರ 80. 3.50 ಅಂತ ಬರೆಯಬೇಕಾದವರು 3.05 ಅಂತ ಬರೆದುಬಿಟ್ಟಿದ್ದರು. ಮೆಸೇಜನ್ನು ಹತ್ತು ಸಲ ಓದಿದರೂ ನನಗೆ ಇದು ಕಂಡಿರಲಿಲ್ಲ.

ಆ ಕಾಲಮಿಗೆ ಸಿಗದ ತಪ್ಪೂ ಇತ್ತು. ಚಿಕ್ಕಪ್ಪ ಒಂದು ರಾತ್ರಿ ಫೋನ್ ಮಾಡಿದರು. "ನಿನ್ ಪಟ್ಟಿ ನೋಡ್ಕೊಂಡು ಬಂದು ನಿಂತಿದೀನಿ, ಹತ್ತಕ್ಕೆ ಶಿರಸಿ ಬಸ್ಸೇ ಇಲ್ವಂತಲ್ಲೋ ಮಾರಾಯ!" ಅದು ಬೆಳಿಗ್ಗೆ ಹತ್ತರ ಬಸ್ಸು. ಬರೆದವರು ಮೊದಲು ಮರೆತು, ಆಮೇಲೆ ಸಾಲಿನ ಕೊನೆಗೆ ಸೇರಿಸಿದ್ದರು. 5.20 ಆದಮೇಲೆ ಇತ್ತಲ್ಲ, ನನ್ನ ಸೂತ್ರ ಅದನ್ನು 22:00 ಮಾಡಿತ್ತು. ಪ್ರಯಾಣದ ಹೊತ್ತೂ ಸರಿಯಾಗಿ 130 ನಿಮಿಷವೇ ತೋರಿಸುತ್ತಿತ್ತು.

ಕೊನೆಗೆ ಸೇರಿಸಿದ್ದು 10.00ರ ಬದಲು 4.30 ಆಗಿದ್ದರೆ H ಕಾಲಂ 1440 ದಾಟುತ್ತಿತ್ತು, ಆಗ ಅನುಮಾನ ಬರುತ್ತಿತ್ತು. ಹತ್ತಕ್ಕೆ ಅದೂ ಇಲ್ಲ. ಒಂದು ಊರಿನ ಮೊದಲ ಬಸ್ಸೇ ಮಧ್ಯಾಹ್ನ 2.15ಕ್ಕಿದ್ದರೆ ಸೂತ್ರ ಅದನ್ನು ನಸುಕಿನ 2.15 ಮಾಡುತ್ತದೆ. 12 ಗಂಟೆ ಮೀರಿದ ಪ್ರಯಾಣಕ್ಕಂತೂ ಇದು ಆಗುವುದೇ ಇಲ್ಲ. ರೈಲಿನ ಹೊತ್ತು 24 ಗಂಟೆ ಲೆಕ್ಕದಲ್ಲೇ ಇರುತ್ತದೆ. ಅದಕ್ಕೆ ಈ ಸೂತ್ರ ಹಾಕಿದರೆ 21:15 ಬೆಳಿಗ್ಗೆ ಒಂಬತ್ತೂಕಾಲಾಗಿ ಕೂರಬಹುದು. ಅಲ್ಲಿ ಹೊರಡುವುದಕ್ಕೆ `=D2*60+E2` ಸಾಕು, ತಲುಪುವುದಕ್ಕೆ `=H2+MOD(F2*60+G2-H2,1440)`.

ಈಗ ಪ್ರತಿ ಊರಿನ ಮೊದಲ ಬಸ್ಸು, ಕೊನೆಯ ಬಸ್ಸು ಎರಡನ್ನೂ ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರಲ್ಲಿ ಕೇಳಿಯೇ ಪಟ್ಟಿ ಕಳಿಸುತ್ತೇನೆ. ಆದರೂ ಚಿಕ್ಕಪ್ಪ ಒಂದು ಸಲ ಫೋನ್ ಮಾಡಿ ಕೇಳಿಯೇ ಮನೆಯಿಂದ ಹೊರಡುತ್ತಾರೆ.