ತುಂಬಿದ ಸ್ಕ್ರೂ, ಮೂರು ಹರ್ಟ್ಜ್: ವಿ/ಎಫ್ ಬಿಟ್ಟು ಸೆನ್ಸರ್‌ಲೆಸ್ ವೆಕ್ಟರ್‌ಗೆ ಬಂದದ್ದು

ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಮೋಟಾರಿನ ವೇಗ ಏರಿಳಿಸುವ ಡ್ರೈವ್‌ಗಳ ಕೆಲಸ ನಾನೇ ನೋಡಿಕೊಳ್ಳುತ್ತೇನೆ. ಅಲ್ಲಿ ತೊಗರಿಗೆ ಎಣ್ಣೆ ಬೆರೆಸುವ ಸ್ಕ್ರೂ ಕನ್ವೇಯರ್ ಇದೆ. ಮೋಟಾರ್ 7.5 ಕಿಲೋವ್ಯಾಟ್, 415 ವೋಲ್ಟ್, 14 ಆಂಪ್ಸ್, 1440 ಆರ್‌ಪಿಎಂ. ಓಡುವಾಗ ತಕರಾರಿಲ್ಲ. ಆದರೆ ಸ್ಕ್ರೂ ತುಂಬಿರುವಾಗ ಕರೆಂಟ್ ಹೋಗಿ ಬಂದರೆ ಮತ್ತೆ ಎಬ್ಬಿಸೋದು ಕಷ್ಟ. "ಗುಂಯ್ ಅಂತದ್ರಿ ಸರ್, ತಿರಗವಲ್ದು" ಅಂತ ಆಪರೇಟರ್ ಫೋನ್ ಮಾಡುತ್ತಿದ್ದ. ಸ್ವಲ್ಪ ಹೊತ್ತಿಗೆ ಓವರ್‌ಲೋಡ್ ಟ್ರಿಪ್. ಆಮೇಲೆ ಹುಡುಗರು ಮುಚ್ಚಳ ತೆಗೆದು ಕೈಯಿಂದ ಕಾಳು ಖಾಲಿ ಮಾಡಬೇಕು.

ಡ್ರೈವ್ ವಿ/ಎಫ್ ಮೋಡ್‌ನಲ್ಲಿತ್ತು, ಅಂದರೆ ಫ್ರೀಕ್ವೆನ್ಸಿ ಏರಿಳಿದಷ್ಟೇ ವೋಲ್ಟೇಜೂ ಏರಿಳಿಯುತ್ತದೆ. ಅದರ ಲೆಕ್ಕ ಸರಳ. 415 ಅನ್ನು 50ರಿಂದ ಭಾಗಿಸಿದರೆ ಹರ್ಟ್ಜ್ ಒಂದಕ್ಕೆ 8.3 ವೋಲ್ಟ್. 3 ಹರ್ಟ್ಜ್‌ಗೆ ಲೈನ್ ವೋಲ್ಟೇಜ್ ಸುಮಾರು 25, ಒಂದು ಫೇಸಿಗೆ 14.4. ವೈಂಡಿಂಗ್ ಮತ್ತು ಕೇಬಲ್ ಸೇರಿ ಫೇಸಿಗೆ 0.84 ಓಮ್ ರೆಸಿಸ್ಟೆನ್ಸ್ ಇದೆ. ಫುಲ್ ಲೋಡಿನ 14 ಆಂಪ್ಸ್ ಹರಿದರೆ ಹತ್ತಿರ ಹತ್ತಿರ 12 ವೋಲ್ಟ್ ಅಲ್ಲೇ ಬಿದ್ದು ಹೋಗುತ್ತದೆ. ಇದು ಒರಟು ಲೆಕ್ಕ, ಆದರೂ ಸಂಗತಿ ಗೊತ್ತಾಗುತ್ತದೆ ಅಲ್ವಾ? ಮೋಟಾರಿನೊಳಗೆ ಫ್ಲಕ್ಸ್, ಅಂದರೆ ಕಾಂತಕ್ಷೇತ್ರ, ಕಟ್ಟೋಕೆ ಉಳಿಯೋದು ತೀರಾ ಕಡಿಮೆ, ಹಾಗಾಗಿ ತಿರುಗಿಸುವ ಬಲ, ಟಾರ್ಕ್, ಇಲ್ಲ. 50 ಹರ್ಟ್ಜ್‌ನಲ್ಲಿ ಫೇಸಿಗೆ 240 ವೋಲ್ಟ್ ಇರುವಾಗ ಅದೇ 12 ವೋಲ್ಟ್ ಲೆಕ್ಕಕ್ಕೇ ಬರೋದಿಲ್ಲ.

ಟಾರ್ಕ್ ಬೂಸ್ಟ್ ಏರಿಸಿದರೆ ಆಯ್ತಲ್ಲ ಅಂತ ಎಲ್ಲರೂ ಹೇಳುತ್ತಾರೆ. ಏರಿಸಿದರೆ ತುಂಬಿದ ಸ್ಕ್ರೂ ಏಳುತ್ತದೆ, ನಿಜ. ಆದರೆ ಬೂಸ್ಟ್ ಅನ್ನೋದು ಲೋಡ್ ಇದ್ದರೂ ಇಲ್ಲದಿದ್ದರೂ ಕೊಡುವ ಒಂದೇ ಅಳತೆಯ ವೋಲ್ಟೇಜ್. ಸ್ಕ್ರೂ ಖಾಲಿ ಇದ್ದಾಗ ಹರಿಯೋದು 6 ಆಂಪ್ಸ್, ಬೀಳೋದು 5 ವೋಲ್ಟ್. ಉಳಿದ ಬೂಸ್ಟ್ ಎಲ್ಲ ಹೆಚ್ಚಿನ ಫ್ಲಕ್ಸ್ ಆಗಿ ಕೋರ್ ಸ್ಯಾಚುರೇಟ್ ಆಗುತ್ತದೆ, ಖಾಲಿ ಮೋಟಾರೇ ಜಾಸ್ತಿ ಕರೆಂಟ್ ಎಳೆದು ಕಾಯುತ್ತದೆ, ಅದೂ ತನ್ನ ಫ್ಯಾನ್ ನಿಧಾನವಾಗಿ ತಿರುಗುತ್ತಿರುವಾಗ.

ಸೆನ್ಸರ್‌ಲೆಸ್ ವೆಕ್ಟರ್ ಇಲ್ಲೇ ಬೇರೆ. ಅದು ಕರೆಂಟನ್ನು ಅಳೆದು ಎರಡು ಭಾಗ ಮಾಡುತ್ತದೆ: ಫ್ಲಕ್ಸ್ ಕಟ್ಟುವುದು ಒಂದು, ಟಾರ್ಕ್ ಕೊಡುವುದು ಇನ್ನೊಂದು. ರೆಸಿಸ್ಟೆನ್ಸ್‌ನಲ್ಲಿ ಎಷ್ಟು ಬೀಳುತ್ತಿದೆ ಅಂತ ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಅಷ್ಟನ್ನೇ ಸೇರಿಸುತ್ತದೆ. ಲೋಡಿಗೆ ಶಾಫ್ಟ್ ಹಿಂದೆ ಬೀಳುವ ವೇಗವನ್ನು, ಅಂದರೆ ಸ್ಲಿಪ್ಪನ್ನೂ, ತಾನೇ ಸರಿದೂಗಿಸುತ್ತದೆ. ನಮ್ಮ ಮೋಟಾರಿನ ಸ್ಲಿಪ್ 1500ರಲ್ಲಿ 1440 ಕಳೆದು 60 ಆರ್‌ಪಿಎಂ, ಅಂದರೆ 2 ಹರ್ಟ್ಜ್. ವಿ/ಎಫ್‌ನಲ್ಲಿ 3 ಹರ್ಟ್ಜ್ ಕೊಟ್ಟು, ಫುಲ್ ಲೋಡ್ ಟಾರ್ಕ್ ಸಿಕ್ಕಿದರೂ, ಶಾಫ್ಟ್ ತಿರುಗುವುದು 90ರ ಬದಲು 30 ಆರ್‌ಪಿಎಂ ಮಾತ್ರ.

ಆದರೆ ಮೋಡ್ ಬದಲಿಸಿ ಸುಮ್ನೆ ಸ್ಟಾರ್ಟ್ ಕೊಟ್ಟರೆ ನಡೆಯೋದಿಲ್ಲ. ಈ ಲೆಕ್ಕಕ್ಕೆ ಆ 0.84 ಡ್ರೈವ್‌ಗೆ ಗೊತ್ತಿರಬೇಕು, ಅದಕ್ಕೇ ಡ್ರೈವ್ ತಾನೇ ಮೋಟಾರನ್ನು ಅಳೆದುಕೊಳ್ಳುವ ಆಟೋಟ್ಯೂನ್. ಮೊದಲು ನೇಮ್‌ಪ್ಲೇಟ್ ವಿವರ ಹಾಕಿದೆ. ಸ್ಪೀಡ್ ಜಾಗದಲ್ಲಿ 1440 ಅಂತಲೇ ಹಾಕಬೇಕು. 1500 ಹಾಕಿದರೆ ಸ್ಲಿಪ್ಪೇ ಇಲ್ಲ ಅಂತ ಡ್ರೈವ್‌ಗೆ ಹೇಳಿದ ಹಾಗೆ. ಟ್ಯೂನಿಂಗನ್ನು ಮೋಟಾರ್ ತಣ್ಣಗಿರುವಾಗ, ಅದೇ ಕೇಬಲ್ ಜೋಡಿಸಿಕೊಂಡೇ ಮಾಡಿದೆ. ನಮ್ಮದು 4 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, 30 ಮೀಟರ್. ಅದೊಂದೇ 0.14 ಓಮ್! ಕೇಬಲ್ ಬದಲಾದರೆ ಟ್ಯೂನಿಂಗೂ ಮತ್ತೆ ಮಾಡಬೇಕು.

ನಿಂತಲ್ಲೇ ಮಾಡುವ ಟ್ಯೂನಿಂಗ್‌ನಲ್ಲಿ ಡ್ರೈವ್ ಡಿಸಿ ಹರಿಸಿ ರೆಸಿಸ್ಟೆನ್ಸ್ ಅಳೆಯುತ್ತದೆ, ಆದರೆ ನೋ-ಲೋಡ್ ಕರೆಂಟನ್ನು ಸಾಮಾನ್ಯವಾಗಿ ಅಂದಾಜು ಮಾಡುತ್ತದೆ. ಈ ಮೋಟಾರ್ ಒಮ್ಮೆ ರಿವೈಂಡ್ ಆಗಿತ್ತು, ಅಂದಾಜನ್ನು ನಂಬುವ ಹಾಗಿರಲಿಲ್ಲ. ಬೆಲ್ಟ್ ಬಿಚ್ಚಿಸಿ ತಿರುಗಿಸುವ ಟ್ಯೂನಿಂಗನ್ನೇ ಮಾಡಿದೆ. "ಬೆಲ್ಟ್ ಯಾಕ್ ಬಿಚ್ತೀರಿ ಸರ್, ಟೈಮ್ ಹೋಗ್ತದ" ಅಂದರು ಮಾಲೀಕರು. ಬಿಚ್ಚಲೇಬೇಕು. ಲೋಡ್ ಇದ್ದರೆ ಲೋಡಿನ ಕರೆಂಟೂ ಫ್ಲಕ್ಸ್ ಕರೆಂಟಿನ ಲೆಕ್ಕಕ್ಕೆ ಸೇರಿ ಹೋಗುತ್ತದೆ.

ಮುಗಿದ ಮೇಲೆ ಬಂದ ಅಂಕಿಯನ್ನು ಹಾಗೇ ಒಪ್ಪಿಕೊಳ್ಳಬೇಡಿ. ನೋ-ಲೋಡ್ 6 ಆಂಪ್ಸ್ ಬಂತು. ಈ ಸೈಜಿನ ನಾಲ್ಕು ಪೋಲ್ ಮೋಟಾರಿಗೆ ರೇಟೆಡ್‌ನ ಶೇ. 40ರ ಆಸುಪಾಸು ಸರಿ. 2 ಅಥವಾ 10 ಬಂದಿದ್ದರೆ ಮತ್ತೆ ಮಾಡುತ್ತಿದ್ದೆ. ಬೆಲ್ಟ್ ಇಲ್ಲದೆ 5 ಹರ್ಟ್ಜ್‌ನಲ್ಲಿ ಓಡಿಸಿ ನೋಡಿದೆ, ಕರೆಂಟ್ ಅಲುಗಾಡದೆ ನಿಂತಿತು. ಶಾಫ್ಟ್ ಎಳೆದೆಳೆದು ತಿರುಗಿದರೆ ಯಾವುದೋ ಅಂಕಿ ತಪ್ಪಿದೆ ಅಂತಲೇ ಅರ್ಥ.

ಬೆಲ್ಟ್ ಹಾಕಿ, ಸ್ಕ್ರೂ ತುಂಬಿಸಿ ಸ್ಟಾರ್ಟ್ ಕೊಟ್ಟೆವು. 20 ಆಂಪ್ಸ್‌ವರೆಗೆ ಹೋಗಿ ಸ್ಕ್ರೂ ಮೆಲ್ಲಗೆ ಎದ್ದಿತು, ಟ್ರಿಪ್ ಇಲ್ಲ. ಅಷ್ಟು ಕರೆಂಟ್ ಕೊಡುವ ಶಕ್ತಿ ಡ್ರೈವ್‌ಗೂ ಇರಬೇಕು. ಹೆವಿ ಡ್ಯೂಟಿ ರೇಟಿಂಗ್‌ನಲ್ಲಿ ಸಾಮಾನ್ಯವಾಗಿ ಶೇ. 150, ಒಂದು ನಿಮಿಷ.

ಒಂದು ಮಿತಿ ಉಳಿಯುತ್ತದೆ. ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ ಸುಮಾರು ಶೇ. 0.4 ಏರುತ್ತದೆ. ವೈಂಡಿಂಗ್ ತಣ್ಣಗಿದ್ದಾಗಿಗಿಂತ 70 ಡಿಗ್ರಿ ಹೆಚ್ಚು ಕಾದರೆ ರೆಸಿಸ್ಟೆನ್ಸ್ ಏರೋದು ಕಾಲು ಭಾಗಕ್ಕಿಂತ ಜಾಸ್ತಿ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಇದು ದಿನದ ಮಾತು. ಬೆಳಿಗ್ಗೆ ಎದ್ದ ಸ್ಕ್ರೂ ಮಧ್ಯಾಹ್ನ ತಡವರಿಸಿದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಕೆಲವು ಡ್ರೈವ್‌ಗಳು ಪ್ರತಿ ಸ್ಟಾರ್ಟ್‌ಗೂ ರೆಸಿಸ್ಟೆನ್ಸ್ ಅಳೆದುಕೊಳ್ಳುತ್ತವೆ. ಆ ಸೌಲಭ್ಯ ಇದ್ದರೆ ಆನ್ ಮಾಡಿ. 1 ಹರ್ಟ್ಜ್‌ಗಿಂತ ಕೆಳಗೆ ಲೋಡ್ ಹಿಡಿದು ನಿಲ್ಲಿಸಬೇಕಿದ್ದರೆ ಶಾಫ್ಟಿನ ವೇಗ ಅಳೆಯುವ ಎನ್‌ಕೋಡರ್ ಹಾಕಿಸಿ.

ಅದೇ ಮಿಲ್‌ನ ಬ್ಲೋವರನ್ನು ವಿ/ಎಫ್‌ನಲ್ಲೇ ಬಿಟ್ಟಿದ್ದೇನೆ, ಅದಕ್ಕೆ ಕಡಿಮೆ ವೇಗದಲ್ಲಿ ಟಾರ್ಕ್ ಬೇಕಿಲ್ಲ. ಒಂದೇ ಡ್ರೈವ್ ಮೇಲಿರುವ ಎರಡು ಎಲಿವೇಟರ್ ಮೋಟಾರುಗಳೂ ಹಾಗೇ ಇವೆ. ಎರಡು ಮೋಟಾರಿನ ಕರೆಂಟ್ ಕೂಡಿ ಬಂದರೆ ಯಾವುದು ಯಾರದು ಅಂತ ವೆಕ್ಟರ್ ಲೆಕ್ಕಕ್ಕೆ ತಿಳಿಯೋದಿಲ್ಲ.