42 ಪುಟದ ವರದಿ, 11 ಸ್ಲೈಡು

ನಮ್ಮ ತಾಲ್ಲೂಕಿನ ಕುಡಿಯುವ ನೀರಿನ ಸಮೀಕ್ಷೆಯ ವರದಿ 42 ಪುಟ ಇತ್ತು, ಅದನ್ನು ಸ್ಲೈಡುಗಳಾಗಿ ಮಾಡಬೇಕಿತ್ತು. ಮೊದಲ ಸಲ ಅಧ್ಯಾಯಗಳ ಹೆಸರನ್ನೇ ಶೀರ್ಷಿಕೆ ಮಾಡಿ, ಕೆಳಗೆ ಪ್ಯಾರಾಗಳನ್ನು ತುರುಕಿದೆ. 31 ಸ್ಲೈಡಾಯಿತು. ‘ನೀರಿನ ಗುಣಮಟ್ಟ’ ಅಂತ ಬರೆದ ಸ್ಲೈಡು ನೋಡಿ ಮೇಲಧಿಕಾರಿ ಕೇಳಿದ್ದು ಒಂದೇ: “ಸರಿ, ಗುಣಮಟ್ಟ ಹೇಗಿದೆ ಹೇಳ್ರಿ?”

ತಪ್ಪು ಅಲ್ಲೇ ಇತ್ತು. ಶೀರ್ಷಿಕೆ ವಿಷಯದ ಹೆಸರಾಗಿತ್ತು, ಮಾತಾಗಿರಲಿಲ್ಲ.

ಎರಡನೇ ಸಲ ಪವರ್‌ಪಾಯಿಂಟ್ ತೆರೆಯಲೇ ಇಲ್ಲ. ವರದಿಯ ಪ್ರಿಂಟ್ ತೆಗೆದು, ಪ್ರತಿ ಭಾಗದ ಅಂಚಿನಲ್ಲಿ ‘ಇದರಿಂದ ಏನು ಗೊತ್ತಾಯಿತು?’ ಅನ್ನುವುದಕ್ಕೆ ಪೆನ್ಸಿಲಿನಲ್ಲಿ ಕ್ರಿಯಾಪದವಿರುವ ಒಂದು ವಾಕ್ಯ ಬರೆದೆ. ಸಮೀಕ್ಷೆಯ ವಿಧಾನದ ಒಂಬತ್ತು ಪುಟಕ್ಕೆ ಉತ್ತರ ಹೊಳೆಯಲಿಲ್ಲ. ಅವು ಅನುಬಂಧಕ್ಕೆ ಹೋದವು. 27ನೇ ಪುಟದಲ್ಲಿ ಮಾತ್ರ ಹೀಗೆ ಬಂತು: ‘18 ಕೊಳವೆಬಾವಿಗಳ ಪೈಕಿ 7ರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ಮಿತಿ ಮೀರಿದೆ ಮತ್ತು ಅಲ್ಲಿನ ಶುದ್ಧೀಕರಣ ಘಟಕಗಳು ಕೆಟ್ಟಿವೆ.’ ಒಂದು ಸ್ಲೈಡಿಗೆ ಒಂದೇ ಮಾತು ಶೀರ್ಷಿಕೆಯಾಗಲಿ ಅಂತ ಆ ‘ಮತ್ತು’ ಕಂಡಲ್ಲಿ ಕತ್ತರಿಸಿದೆ, ಎರಡು ಸ್ಲೈಡಾಯಿತು. ಮೊದಲನೆಯದಕ್ಕೆ 18 ಬಾವಿಗಳ ಕಂಬಚಿತ್ರ, ಎರಡನೆಯದಕ್ಕೆ ಘಟಕವೊಂದರ ಫೋಟೊ. ಬೇರೇನೂ ಬೇಕಾಗಲಿಲ್ಲ.

ವಾಕ್ಯಗಳನ್ನು ವರ್ಡ್‌ನಲ್ಲಿ ಟೈಪಿಸಿ, ಎಲ್ಲಕ್ಕೂ `Heading 1` ಕೊಟ್ಟು, ಪವರ್‌ಪಾಯಿಂಟಿನ `Slides from Outline` ಮೂಲಕ ತಂದೆ. `Normal` ಶೈಲಿಯಲ್ಲಿ ಉಳಿದ ಸಾಲುಗಳು ಬರುವುದಿಲ್ಲ, ಅದಕ್ಕೇ ಒಮ್ಮೆ ಎರಡು ಮಾತು ಕಾಣೆಯಾಗಿದ್ದವು.

ಕೊನೆಗೆ ಶೀರ್ಷಿಕೆಗಳನ್ನಷ್ಟೇ ಹೆಂಡತಿಗೆ ಓದಿ ಹೇಳಿದೆ. ಆರನೆಯದರ ಹತ್ತಿರ “ಇದು ಎಲ್ಲಿಂದ ಬಂತು?” ಅಂದಳು. ಅದನ್ನು ಎಂಟಕ್ಕೆ ಸರಿಸಿದೆ.