ಮರದ ಬೆಣೆ ಹಿಡಿದು ಮಕ್ಕಳ ಕಾಲು ಅಳೆದ ಅನುಭವ

ಅಂಗನವಾಡಿಯಲ್ಲಿ ಮಕ್ಕಳ ಕಾಲನ್ನು ಮರದ ಬೆಣೆ ಇಟ್ಟು ಅಳೆಯುತ್ತೇನೆ ಅಂದಾಗ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ನಮ್ಮ ಸರ್ಕಾರಿ ಆರ್‌ಬಿಎಸ್‌ಕೆ ತಂಡದಲ್ಲೇ ಯಾರೂ ಒಪ್ಪಲಿಲ್ಲ. ಸೊಟ್ಟಗಾಲು ಕಣ್ಣಿಗೇ ಕಾಣುತ್ತಲ್ಲ, ಅಳೆಯೋದು ಯಾಕೆ ಅಂದರು. ಕಾಣುತ್ತೆ ನಿಜ. ಆದರೆ ಆರು ತಿಂಗಳ ಹಿಂದೆ ಎಷ್ಟಿತ್ತು ಅನ್ನೋದು ಕಣ್ಣಿಗೆ ನೆನಪಿರಲ್ಲ. ನನಗೆ ಬೇಕಾಗಿದ್ದು ಅದೇ ಉತ್ತರ.

ಅದಕ್ಕೂ ಮುಂಚೆ ತೀರ್ಥಹಳ್ಳಿ, ಹೊಸನಗರ ಕಡೆಯ ಮನೆಗಳಲ್ಲಿ ಇದಕ್ಕೆ ಹೋಗುತ್ತಿದ್ದ ದುಡ್ಡು ನೋಡಿ ಹೊಟ್ಟೆ ಉರಿಯುತ್ತಿತ್ತು. ನಾಲ್ಕು ವರ್ಷದ ಹುಡುಗನಿಗೆ ಮಂಡಿ ಒಂದಕ್ಕೊಂದು ತಾಗುತ್ತೆ ಅಂತ ಎಲ್ಲೋ ವಿಶೇಷ ಬೂಟು ಕೊಡಿಸಿದ್ದರು. ಜೊತೆಗೆ ರಾತ್ರಿ ಕಟ್ಟುವ ಪಟ್ಟಿ, ಎಕ್ಸ್‌ರೇ, ಬಸ್ ಚಾರ್ಜು, ಕೂಲಿ ತಪ್ಪಿದ್ದು ಎಲ್ಲ ಸೇರಿ ಐದಾರು ಸಾವಿರ. ಆರು ತಿಂಗಳಿಗೆ ಬೂಟು ಚಿಕ್ಕದಾಯಿತು. ಆ ವಯಸ್ಸಿಗೆ ಮಂಡಿ ತಾಗೋದೇ ಸಹಜ, ಬೂಟಿನಿಂದ ಮೂಳೆಯ ಬೆಳವಣಿಗೆ ಬದಲಾಗಲ್ಲ. ಇನ್ನೊಂದು ಕಡೆ, ನಿಜವಾಗಿ ಎಲುಬು ಮೆತ್ತಗಾಗುವ ರಿಕೆಟ್ಸ್ ಇದ್ದ ಮಗುವಿಗೆ 'ಬೆಳೀತಾ ಸರಿಹೋಗುತ್ತೆ' ಅಂತ ಹೇಳಿ ವರ್ಷಗಟ್ಟಲೆ ಬಿಟ್ಟಿರುತ್ತಿದ್ದರು.

ನಮ್ಮ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಹೋಗುತ್ತೆ. ಆರು ತಿಂಗಳ ಅಂತರ ತಾನಾಗೇ ಸಿಗುತ್ತೆ. ಹಾಗಾಗಿ ಪ್ರತಿ ಮಗುವಿಗೆ ಒಂದು ಸಂಖ್ಯೆ ಬರೆದಿಟ್ಟರೆ ಸಾಕು ಅನ್ನಿಸಿತು.

ಮೊದಮೊದಲು ಸಂಖ್ಯೆಗಳೇ ದಾರಿ ತಪ್ಪಿಸಿದವು. ಟೇಪಿನಲ್ಲಿ ಅಳೆದರೆ ಟೇಪು ಬಾಗುತ್ತೆ. ಮಗುವನ್ನು ನಿಲ್ಲಿಸಿದರೆ ಮಂಡಿ ಮಡಚುತ್ತೆ, ಕಾಲನ್ನು ಒಳಗೆ ತಿರುಗಿಸುತ್ತೆ. ತಿರುಗಿಸಿದ ಕೂಡಲೇ ನೇರ ಕಾಲೂ ಸೊಟ್ಟಗೆ ಕಾಣುತ್ತೆ. ಒಂದೇ ಮಗುವಿಗೆ ಬೆಳಿಗ್ಗೆ ಮೂರು ಸೆಂಟಿಮೀಟರ್, ಮಧ್ಯಾಹ್ನ ಐದು ಬಂತು. ಮೊಬೈಲ್ ಫೋಟೋ ತೆಗೆದು ಅದರಲ್ಲಿ ಗೆರೆ ಎಳೆದು ನೋಡಿದೆ. ನಿಂತುಕೊಂಡು ಮೇಲಿನಿಂದ ತೆಗೆದರೆ ಕಾಲಿನ ಆಕಾರವೇ ಬದಲಾಗುತ್ತೆ, ಮಂಡಿಯ ಮಟ್ಟಕ್ಕೆ ಕೂತು ತೆಗೆದರೆ ಪರವಾಗಿಲ್ಲ. ಒದ್ದೆ ಪಾದದ ಗುರುತನ್ನು ಕಾಗದದ ಮೇಲೆ ತೆಗೆದೂ ನೋಡಿದೆ. ಪಾದದ ಬಗ್ಗೆ ಏನೇನೋ ಗೊತ್ತಾಯಿತು, ಮಂಡಿಯ ಬಗ್ಗೆ ಏನೂ ಇಲ್ಲ. ಬಿಟ್ಟೆ.

ಕೊನೆಗೆ ಬಡಗಿ ಹತ್ತಿರ ಹಲಸಿನ ಮರದ ಒಂದು ಬೆಣೆ ಮಾಡಿಸಿದೆ. ಸುಮಾರು ನೂರು ರೂಪಾಯಿ ಆಯಿತು. ಒಂದು ತುದಿ ಚೂಪು, ಇನ್ನೊಂದು ತುದಿ ಹತ್ತು ಸೆಂಟಿಮೀಟರ್ ಅಗಲ, ಉದ್ದಕ್ಕೂ ಅಲ್ಲಲ್ಲಿ ಎಷ್ಟು ಅಗಲ ಅಂತ ಗೀಟು. ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಮಂಡಿ ನೇರ ಮಾಡಿಸಿ, ಎರಡೂ ಮಂಡಿಚಿಪ್ಪು ಮಾಡಿನ ಕಡೆ ನೋಡುವ ಹಾಗೆ ಹಿಡಿಯಬೇಕು. ಬಿಲ್ಲುಗಾಲಾದರೆ ಪಾದದ ಒಳಗಿಣ್ಣು ಎರಡನ್ನೂ ತಾಗಿಸಿ, ಮಂಡಿಗಳ ನಡುವೆ ಬೆಣೆ ತೂರಿಸಬೇಕು. ಮಂಡಿ ತಾಗುವ ಕಾಲಾದರೆ ಮಂಡಿಗಳು ಸುಮ್ನೆ ಮುಟ್ಟುವ ಹಾಗೆ ಇಟ್ಟು, ಒಳಗಿಣ್ಣುಗಳ ನಡುವೆ. ಒತ್ತಬಾರದು. ಬೆಣೆ ತಾನಾಗಿ ನಿಂತಲ್ಲಿ ಓದಬೇಕು. ತೊಡೆ ದಪ್ಪ ಇರುವ ಮಗುವಿನಲ್ಲಿ ಗಿಣ್ಣಿನ ಅಂತರ ಇರುವುದಕ್ಕಿಂತ ಜಾಸ್ತಿ ಬರುತ್ತೆ, ಅದನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಅಳುವ ಮಗುವಿನ ಕಾಲು ತಾನಾಗೇ ಸಡಿಲವಾಗುವ ಹಾಗೆ ಮಾಡಲು ನನ್ನದೊಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ, ಕೆಲಸ ಮಾಡ್ತಾ ನಿಮಗೂ ಒಂದು ಸಿಗುತ್ತೆ.

ವಯಸ್ಸಿನ ಲೆಕ್ಕ ನಿಮಗೆ ಗೊತ್ತೇ ಇದೆ. ಹುಟ್ಟುವಾಗ ಬಿಲ್ಲು, ಎರಡು ವರ್ಷದ ಹೊತ್ತಿಗೆ ನೇರ, ಮೂರು-ನಾಲ್ಕಕ್ಕೆ ಮಂಡಿ ಅತಿ ಹೆಚ್ಚು ಒಳಕ್ಕೆ, ಏಳರ ಸುಮಾರಿಗೆ ದೊಡ್ಡವರ ಹಾಗೆ. ನಾನು ನೋಡುವುದು ಈ ದಾರಿಯಲ್ಲಿ ಸಂಖ್ಯೆ ಯಾವ ಕಡೆ ಹೋಗ್ತಿದೆ ಅನ್ನೋದನ್ನ. ನಾಲ್ಕರ ಮಗುವಿಗೆ ಗಿಣ್ಣುಗಳ ನಡುವೆ ಆರು ಸೆಂಟಿಮೀಟರ್ ಇದ್ದು, ಎರಡೂ ಕಾಲು ಒಂದೇ ಥರ ಇದ್ದು, ಎತ್ತರ ಸರಿಯಿದ್ದರೆ ಎಕ್ಸ್‌ರೇನೂ ಬೇಡ. ಬೂಟು ಕೊಡಿಸಿದ್ದ ಆ ಹುಡುಗನಿಗೆ ಏಳು ತುಂಬುವಾಗ ಬರೀ ಎರಡು ಸೆಂಟಿಮೀಟರ್ ಉಳಿದಿತ್ತು.

ಈಗ ಬೇರೆ ದಾರಿ ಹಿಡಿದ ಮಗು. ಎರಡೂಕಾಲು ವರ್ಷದ ಹುಡುಗಿ, ಮಳೆಗಾಲ ಮುಗಿಯುತ್ತಿದ್ದ ಸಮಯ. ಹಿಂದಿನ ಭೇಟಿಯಲ್ಲಿ ಮಂಡಿಗಳ ನಡುವೆ ಐದು ಇತ್ತು, ಈಗ ಏಳು. ನೇರವಾಗಬೇಕಾದ ವಯಸ್ಸಿನಲ್ಲಿ ಜಾಸ್ತಿ ಆಗಿದೆ. ಅಜ್ಜಿ ಪಕ್ಕದಲ್ಲೇ ಇದ್ದರು. "ಇವಳ ಅಪ್ಪಂಗೂ ಹಿಂಗೇ ಇತ್ತು ಡಾಕ್ಟ್ರೇ, ಎಣ್ಣೆ ಹಚ್ಚಿ ನೀವಿದ್ರೆ ಸರಿಹೋಗುತ್ತೆ" ಅಂದರು. ನಾನು ಮಗುವಿನ ಮಣಿಕಟ್ಟು ಹಿಡಿದು ನೋಡಿದೆ. ಮುಂಗೈ ಮುಗಿಯುವ ಕಡೆ ಎಲುಬು ದಪ್ಪಗೆ, ಒಂದು ಬಳೆ ಚರ್ಮದೊಳಗೆ ಸಿಕ್ಕಿಕೊಂಡ ಹಾಗೆ ಬೆರಳಿಗೆ ಸಿಗುತ್ತಿತ್ತು. ಪಕ್ಕೆಲುಬಿನ ತುದಿಗಳೂ ಗಂಟುಗಂಟು. "ಏನು ತಿನ್ತಾಳಮ್ಮ?" ಅಂತ ತಾಯಿಯನ್ನು ಕೇಳಿದೆ. ಎದೆಹಾಲು, ಗಂಜಿ, ಅನ್ನ-ಸಾರು. ಹಸುವಿನ ಹಾಲು ಕುಡಿಯಲ್ಲ, ರಾಗಿ ಆ ಮನೆಯಲ್ಲಿ ಬಳಕೆಯಿಲ್ಲ. ಜೂನ್‌ನಿಂದ ಜಡಿಮಳೆ, ಮಗು ಮನೆಯೊಳಗೇ.

ಶಿವಮೊಗ್ಗಕ್ಕೆ ಕಳಿಸಿದೆ. ಮಂಡಿ ಮತ್ತು ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಎಲುಬಿನ ತುದಿಗಳು ಬಟ್ಟಲಿನಂತೆ ಹಳ್ಳವಾಗಿ, ಅಂಚು ಹರಿದ ಹಾಗಿದ್ದವು. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ತುಂಬಾ ಜಾಸ್ತಿ. ರಿಕೆಟ್ಸೇ. ಮಕ್ಕಳ ಡಾಕ್ಟರು ದಿನಕ್ಕೆ 2000 ಯೂನಿಟ್ ವಿಟಮಿನ್ ಡಿ, ಜೊತೆಗೆ 500 ಮಿಲಿಗ್ರಾಂ ಕ್ಯಾಲ್ಸಿಯಂ ಬರೆದರು. ಕ್ಯಾಲ್ಸಿಯಂ ಬಿಟ್ಟು ಬರೀ ಡಿ ಕೊಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಗಂಜಿ ಕುಡಿಯುವ ಮಕ್ಕಳಲ್ಲಿ ಅಷ್ಟರಿಂದ ಸಾಲಲ್ಲ. ಮನೆಯಲ್ಲಿ ರಾಗಿ ಅಂಬಲಿ ಶುರು ಮಾಡಿಸಿದೆ, ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತೆ. ಪರೀಕ್ಷೆ, ಔಷಧಿ, ಓಡಾಟ ಎಲ್ಲ ಸೇರಿ ಎರಡು ಸಾವಿರದ ಆಸುಪಾಸು ಖರ್ಚಾಗಿರಬೇಕು.

ಮೂರು ತಿಂಗಳಿಗೆ ಮತ್ತೆ ಎಕ್ಸ್‌ರೇ. ಎಲುಬಿನ ತುದಿಯಲ್ಲಿ ಬಿಳಿ ಗೆರೆ ಮೂಡಿತ್ತು, ಅಂದರೆ ವಾಸಿಯಾಗುತ್ತಿತ್ತು. ಆದರೆ ಬೆಣೆಯಲ್ಲಿ ಇನ್ನೂ ಆರೂವರೆ. ಮನೆಯವರಿಗೆ ನಿರಾಸೆ, ನಮ್ಮ ತಂಡದವರಿಗೆ ಅನುಮಾನ. ಒಳಗಿನ ಎಲುಬು ಮೊದಲು ಗಟ್ಟಿಯಾಗುತ್ತೆ, ಆಕಾರ ಬೆಳವಣಿಗೆಯ ಜೊತೆ ನಿಧಾನಕ್ಕೆ ತಿದ್ದಿಕೊಳ್ಳುತ್ತೆ. ಒಂದು ವರ್ಷಕ್ಕೆ ಮೂರು, ಆಮೇಲೆ ಒಂದರ ಹತ್ತಿರ. ಆ ಬಿಳಿ ಗೆರೆ ಮೂರು ತಿಂಗಳಾದರೂ ಮೂಡದಿದ್ದರೆ ಡೋಸ್ ಏರಿಸುತ್ತಾ ಕೂರಬಾರದು. ಮೊದಲು ಔಷಧಿ ಸರಿಯಾಗಿ ಹೊಟ್ಟೆಗೆ ಹೋಗಿದೆಯಾ ಅಂತ ಕೇಳಬೇಕು. ಹೋಗಿದ್ದರೆ ಅದು ಮೂತ್ರದಲ್ಲಿ ಫಾಸ್ಫೇಟ್ ಸೋರುವ ರಿಕೆಟ್ಸ್ ಇರಬಹುದು, ಅದರ ಚಿಕಿತ್ಸೆ ಬೇರೆ.

ಬೆಣೆಯ ಎರಡನೇ ಅಳತೆಗೆ ಕಾಯದೆ ಕಳಿಸುವ ಮಕ್ಕಳೂ ಇದ್ದಾರೆ. ಒಂದೇ ಕಾಲು ಸೊಟ್ಟ ಇದ್ದರೆ ಕಾಯುವ ಮಾತೇ ಇಲ್ಲ. ಬಿಲ್ಲುಗಾಲಿನ ಮಗು ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿ ಹೊರಕ್ಕೆ ಜರ್ಕ್ ಹೊಡೆದರೆ, ಮಂಡಿಯ ಕೆಳಗಿನ ಎಲುಬಿನ ಬೆಳವಣಿಗೆ ಕೆಡುವ ಬ್ಲೌಂಟ್ ಕಾಯಿಲೆಯ ಗುಮಾನಿ ಇಟ್ಟುಕೊಳ್ಳಿ. ದಪ್ಪಗಿದ್ದು ಬೇಗ ನಡೆಯಲು ಕಲಿತ ಮಕ್ಕಳಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. ನೋವು, ಕುಂಟು, ವಯಸ್ಸಿಗೆ ತೀರಾ ಕಡಿಮೆ ಎತ್ತರ, ಇವೂ ಅಷ್ಟೇ. ಸಾಗರದ ಕಡೆ ಕೆಲಸ ಮಾಡುವವರು ಹಂದಿಗೋಡು ಕಾಯಿಲೆಯನ್ನು ಮರೆಯಬಾರದು. 1970ರ ದಶಕದಲ್ಲಿ ಅಲ್ಲಿ ಗುರುತಿಸಿದ, ವಂಶದಲ್ಲಿ ಬರುವ ಕೀಲು-ಎಲುಬಿನ ಕಾಯಿಲೆ ಅದು. ಮಗುವಿನ ಮಂಡಿಗಿಂತ ಮೊದಲು ಮನೆಯ ಹಿರಿಯರ ಎತ್ತರ ನೋಡಿ, ಸೊಂಟದ ಕೀಲು ನೋವು ಯಾರಿಗಾದರೂ ಇದೆಯಾ ಕೇಳಿ.

ಶಾಲೆಯಲ್ಲಿ ಎಂಟು ದಾಟಿದ ಮಕ್ಕಳಿಗೆ ಗಿಣ್ಣುಗಳ ನಡುವೆ ಎಂಟು ಸೆಂಟಿಮೀಟರ್‌ಗಿಂತ ಜಾಸ್ತಿ ಇದ್ದರೆ ಮೂಳೆ ಡಾಕ್ಟರಿಗೆ ತೋರಿಸಲೇಬೇಕು. ಬೆಳವಣಿಗೆ ಬಾಕಿ ಇದ್ದಾಗ ಮಂಡಿಯ ಒಳಬದಿಗೆ ಚಿಕ್ಕ ಪ್ಲೇಟ್ ಹಾಕಿ, ಆ ಬದಿಯ ಬೆಳವಣಿಗೆ ತಡೆದು ಕಾಲನ್ನು ನೇರ ಮಾಡಬಹುದು. ಬೆಳವಣಿಗೆ ನಿಂತ ಮೇಲೆ ಎಲುಬನ್ನೇ ಕತ್ತರಿಸಿ ಕೂಡಿಸಬೇಕಾಗುತ್ತೆ. ಹೆಣ್ಣುಮಕ್ಕಳ ಬೆಳವಣಿಗೆ ಬೇಗ ಮುಗಿಯುತ್ತೆ, ಅದಕ್ಕೆ ಅವರನ್ನು ಮೊದಲು ಕಳಿಸುತ್ತೇನೆ. ಪತ್ರದಲ್ಲಿ 'ಸೊಟ್ಟಗಾಲು' ಅಂತಷ್ಟೇ ಬರೆಯಲ್ಲ. ಎರಡು ಅಳತೆ, ಎರಡು ತಾರೀಕು, ಎತ್ತರ ಬರೆಯುತ್ತೇನೆ. ಮೊದಲು ನಕ್ಕಿದ್ದ ಮೂಳೆ ಡಾಕ್ಟರೊಬ್ಬರು ಈಗ ಬೇರೆ ತಾಲೂಕಿನ ತಂಡಗಳಿಗೂ ಆ ಬೆಣೆ ಮಾಡಿಸಿಕೊಡಿ ಅಂತಿದ್ದಾರೆ.